ಚೌತಿ ಗಣಪತಿ: ಮೊದಲು ಒಣಗಿಸುವ ಲೆಕ್ಕ ಹಾಕಿ

ಮನೆಯಲ್ಲೇ ಮಣ್ಣಿನ ಗಣಪತಿ ಮಾಡಲು ಹೊರಟವರು ಸಾಮಾನ್ಯವಾಗಿ ಕೇಳುವುದು ಸೊಂಡಿಲು ಹೇಗೆ ತಿರುಗಿಸಬೇಕು, ಕಣ್ಣು ಹೇಗೆ ಬರೆಯಬೇಕು ಅಂತ. ಅದೆಲ್ಲ ಎರಡು ಮೂರು ಮೂರ್ತಿ ಮಾಡುವಷ್ಟರಲ್ಲಿ ಕೈಗೆ ಬರುತ್ತದೆ. ನಮ್ಮ ಕಾರವಾರ, ಕುಮಟಾ, ಹೊನ್ನಾವರದ ಕಡೆ ನಿಜವಾದ ಕಷ್ಟ ಇರುವುದು ಒಣಗಿಸುವುದರಲ್ಲಿ. ಮಳೆಗಾಲದ ನಡುವೆ ಮೂರ್ತಿ ಮಾಡಬೇಕು, ಮಳೆ ಪೂರ್ತಿ ಬಿಡುವ ಮೊದಲೇ ಕೊಡಬೇಕು. ಆರ್ಡರ್ ಯಾವಾಗ ನಿಲ್ಲಿಸಬೇಕು, ಬಣ್ಣ ಯಾವಾಗ ಹಚ್ಚಬೇಕು, ಘಟ್ಟ ಹತ್ತಿಸುವಾಗ ಮೂರ್ತಿ ತಡೆಯುತ್ತದೋ ಇಲ್ಲವೋ, ಎಲ್ಲವೂ ಒಣಗುವ ಲೆಕ್ಕದ ಮೇಲೆ ನಿಂತಿದೆ.

ಪಂಚಮಿಯಿಂದ ಚೌತಿಯವರೆಗೆ

ಒಂದು ಗೇಣು ಎತ್ತರದ, ಅಂದರೆ ಸುಮಾರು 9 ಇಂಚಿನ ಮೂರ್ತಿಯನ್ನೇ ತೆಗೆದುಕೊಳ್ಳೋಣ. ಒಳಗೆ ಟೊಳ್ಳು ಮಾಡಿದರೂ ಕರಾವಳಿಯ ಮಳೆಯಲ್ಲಿ ಅದು ಸರಿಯಾಗಿ ಒಣಗಲು ಮೂರು ವಾರ ಬೇಕು. ಬಣ್ಣಕ್ಕೆ, ಬಣ್ಣ ಆರುವುದಕ್ಕೆ ನಾಲ್ಕು ದಿನ. ಸಾಗಿಸುವುದಕ್ಕೆ ಮತ್ತು ಸಣ್ಣಪುಟ್ಟ ರಿಪೇರಿಗೆ ಮೂರು ದಿನ. ಒಟ್ಟು 28 ದಿನ.

ನಾಗರ ಪಂಚಮಿಯಿಂದ ಚೌತಿಗೆ ಹೆಚ್ಚುಕಡಿಮೆ ಇಷ್ಟೇ ದಿನ ಇರುತ್ತದೆ. ಒಂದು ಶ್ರಾವಣ ಶುದ್ಧ ಪಂಚಮಿ, ಇನ್ನೊಂದು ಭಾದ್ರಪದ ಶುದ್ಧ ಚೌತಿ, ನಡುವೆ ಅಧಿಕ ಮಾಸ ಬಾರದಿದ್ದರೆ ಈ ಅಂತರ ಹೆಚ್ಚು ಬದಲಾಗುವುದಿಲ್ಲ. 2026ರಲ್ಲಿ ಪಂಚಮಿ ಆಗಸ್ಟ್ 17, ಚೌತಿ ಸೆಪ್ಟೆಂಬರ್ 14. ಹಾಗಾಗಿ ದಿನಾಂಕ ನೆನಪಿಡುವುದೇ ಬೇಡ. ಪಂಚಮಿಯ ದಿನ ಕೊನೆಯ ಮೂರ್ತಿ ಕೈಯಿಂದ ಕೆಳಗಿಳಿದಿರಬೇಕು. ಅದರ ನಂತರ ಬರುವ ಆರ್ಡರಿಗೆ, ಕೇಳುವವರು ಎಷ್ಟೇ ಬೇಕಾದವರಾದರೂ, ಇಲ್ಲ ಅನ್ನಿ. ಹಸಿ ಮೂರ್ತಿ ಕೊಟ್ಟು ಪೂಜೆಯ ದಿನ ಕೈ ಕಳಚಿದರೆ ಆ ಮನೆಯವರಿಗೆ ಆಗುವ ಸಂಕಟ ಬೇರೆ ಥರದ್ದು. ಭಿನ್ನವಾದ ಮೂರ್ತಿಯನ್ನು ಪೂಜಿಸುವುದಿಲ್ಲ ಅಲ್ವಾ?

ಈ ಲೆಕ್ಕದಲ್ಲೇ ಹಿಂದಕ್ಕೆ ಹೋಗಿ. ದಿನಕ್ಕೆ ಒಂದು ಮೂರ್ತಿ ಮಾಡಬಲ್ಲಿರಿ, ಹತ್ತು ಮನೆಯವರು ಕೇಳಿದ್ದಾರೆ ಅಂತಿಟ್ಟುಕೊಳ್ಳಿ. ಹತ್ತರ ಜೊತೆ ಒಂದು ಹೆಚ್ಚಿಗೆ ಮಾಡಿ, ಯಾವುದಾದರೂ ಒಡೆದರೆ ಬೇಕಾಗುತ್ತದೆ. ಆಗಸ್ಟ್ 5ಕ್ಕೆ ಮೂರ್ತಿ ಶುರು ಮಾಡಿದರೆ ಮಧ್ಯೆ ಒಂದೆರಡು ದಿನ ಬಿಡುವೂ ಸಿಗುತ್ತದೆ. ಮಣ್ಣು ಹದ ಮಾಡಲು ಒಂದು ವಾರ ಬೇಕು. ಅಂದರೆ ಜುಲೈ ಕೊನೆಗೆ ಆರ್ಡರ್ ಬಂದ್. ಮನೆಯವರು ತಮ್ಮ ಮಣೆ ತಂದುಕೊಡುವ ಪದ್ಧತಿ ಇದ್ದರೆ ಅದನ್ನೂ ಆಗಲೇ ತರಿಸಿಕೊಳ್ಳಿ, ಅಡಿಯಲ್ಲಿ ಹೆಸರು ಬರೆದಿಡಿ.

ಮಣ್ಣು

ಗದ್ದೆಯ ಜೇಡಿ ಮಣ್ಣು ಸಾಕು. ಆದರೆ ಗಜನಿ ಗದ್ದೆಯ ಮಣ್ಣನ್ನು ಹಾಗೇ ಬಳಸಬೇಡಿ. ಅದರಲ್ಲಿ ಉಪ್ಪಿರುತ್ತದೆ. ಉಪ್ಪು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ, ಮೂರ್ತಿ ಎಷ್ಟು ದಿನ ಇಟ್ಟರೂ ತಂಪಾಗಿಯೇ ಉಳಿಯುತ್ತದೆ. ಒಣಗಿದರೂ ಮೈಮೇಲೆ ಬಿಳಿ ಪುಡಿ ಏಳುತ್ತದೆ, ಬಣ್ಣ ನಿಲ್ಲುವುದಿಲ್ಲ. ಉಪ್ಪುನೀರು ನುಗ್ಗದ ಗದ್ದೆಯಿಂದ ತಂದರೆ ಈ ತಲೆನೋವೇ ಇಲ್ಲ.

ಮಣ್ಣನ್ನು ಒಣಗಿಸಿ ಪುಡಿ ಮಾಡಿ, ಎರಡು ದಿನ ಬಕೆಟ್ಟಿನಲ್ಲಿ ನೆನೆಹಾಕಿ, ಕಲಸಿ ಬಟ್ಟೆಯಲ್ಲಿ ಸೋಸಿ. ತಳದಲ್ಲಿ ಕೂತ ಮಣ್ಣನ್ನು ಹಳೆಯ ಹೆಂಚಿನ ಮೇಲೆ ಹರಡಿದರೆ ಹೆಂಚು ನೀರು ಕುಡಿಯುತ್ತದೆ. ಬೆರಳು ದಪ್ಪದ ಬತ್ತಿ ಹೊಸೆದು ಬೆರಳಿಗೇ ಸುತ್ತಿ ನೋಡಿ. ಬಿರುಕು ಬಿಡದೆ ಸುತ್ತಿಕೊಂಡರೆ ಹದ ಬಂದಿದೆ. ದೀಪಾವಳಿಯ ಹಣತೆಗೆ ಬೇಕಾದಷ್ಟು ಮಣ್ಣನ್ನು ಈಗಲೇ ಬೇರೆ ತೆಗೆದಿಟ್ಟು, ಉಳಿದದ್ದಕ್ಕೆ ಹತ್ತಿಯನ್ನು ಎಳೆ ಎಳೆ ಬಿಡಿಸಿ ಸೇರಿಸಿ ನಾದಿ. ಕಿವಿ, ಬೆರಳಿನಂಥ ತೆಳುವಾದ ಜಾಗವನ್ನು ಹಿಡಿದಿಡುವುದು ಈ ಹತ್ತಿಯೇ.

ಮೂರ್ತಿ ಕೂರಿಸುವಾಗ

ಮಣ್ಣು ಒಣಗುತ್ತಾ ಕುಗ್ಗುತ್ತದೆ. ಒಳ್ಳೆಯ ಜೇಡಿ ಮಣ್ಣು ಎತ್ತರದಲ್ಲಿ ನೂರಕ್ಕೆ 6ರಿಂದ 8 ಪಾಲು ಕಡಿಮೆಯಾಗುತ್ತದೆ. 9 ಇಂಚು ಬೇಕಿದ್ದರೆ ಹಸಿಯಲ್ಲಿ ಒಂಬತ್ತೂಮುಕ್ಕಾಲು ಇಂಚು ಮಾಡಿ. ಬಿರುಕುಗಳೆಲ್ಲ ಹುಟ್ಟುವುದು ಈ ಕುಗ್ಗುವಿಕೆಗೆ ಏನಾದರೂ ಅಡ್ಡ ಬಂದಾಗ.

ದೊಡ್ಡ ಅಡ್ಡಿ ಮಣೆ. ಮೂರ್ತಿಯನ್ನು ನೇರ ಮಣೆಗೆ ಅಂಟಿಸಿದರೆ ಮೇಲ್ಭಾಗ ಕುಗ್ಗುತ್ತದೆ, ತಳ ಹಿಡಿದುಕೊಂಡೇ ಇರುತ್ತದೆ, ಪೀಠ ಸೀಳುತ್ತದೆ. ಮಣೆಯ ಮೇಲೆ ಪೇಪರ್ ಹಾಸಿ ಒಲೆಯ ಬೂದಿ ಉದುರಿಸಿ, ಅದರ ಮೇಲೆ ಮೂರ್ತಿ ಕೂರಿಸಿ. ಪೂರ್ತಿ ಒಣಗಿದ ಮೇಲೆ ಮಣೆಗೆ ಅಂಟಿಸಿದರಾಯಿತು. ಇನ್ನೊಂದು ಅಡ್ಡಿ ಕೈಯೊಳಗೆ, ಸೊಂಡಿಲೊಳಗೆ ಬಲಕ್ಕೆಂದು ತೂರಿಸುವ ಹಿಡಿಕಡ್ಡಿ. ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ. ಕಡ್ಡಿ ಬೇಕೇ ಬೇಕಾದರೆ ಅದಕ್ಕೆ ಹತ್ತಿ ಸುತ್ತಿ ಸೇರಿಸಿ. ಸೊಂಡಿಲನ್ನು ಹೊಟ್ಟೆಗೋ ಮೋದಕದ ಕೈಗೋ ತಾಗಿಸಿಬಿಟ್ಟರೆ ಕಡ್ಡಿಯ ಗೊಡವೆಯೇ ಬೇಡ. ಸಾಗಿಸುವಾಗಲೂ ಅದು ಮುರಿಯುವುದು ಕಡಿಮೆ.

ಎರಡು ಮೂರು ದಿನ ಕಳೆದ ಮೇಲೆ ಉಗುರು ಒತ್ತಿ ನೋಡಿ. ಗುರುತು ಬೀಳಬೇಕು, ಆದರೆ ಬೆರಳಿನಿಂದ ಒತ್ತಿದರೆ ಮೈ ಬಗ್ಗಬಾರದು. ಆಗ ಮೂರ್ತಿಯನ್ನು ಹಳೆಯ ದಿಂಬಿನ ಮೇಲೆ ಮಲಗಿಸಿ, ಅಡಿಯಿಂದ ಚಮಚದಲ್ಲಿ ಮಣ್ಣು ತೆಗೆಯಿರಿ. ಗೋಡೆ ಬೆರಳೆರಡು ದಪ್ಪ ಉಳಿದರೆ ಸಾಕು. ಈ ಕೆಲಸ ಬಿಟ್ಟು ಗಟ್ಟಿ ಮೂರ್ತಿ ಇಟ್ಟರೆ ಚೌತಿ ಬಂದರೂ ಹೊಟ್ಟೆಯೊಳಗೆ ನೀರು ಇದ್ದೇ ಇರುತ್ತದೆ.

ಮೊದಲು ನಿಧಾನ, ಆಮೇಲೆ ಬಿಸಿ

ಮಳೆಗಾಲವನ್ನು ನಾವು ಸುಮ್ನೆ ಬೈಯುತ್ತೇವೆ. ಮೊದಲ ವಾರ ಅದೇ ನಮ್ಮ ಸಹಾಯಕ್ಕೆ ಬರುತ್ತದೆ. ಮಣ್ಣಿನ ಕಣಗಳ ನಡುವೆ ಇರುವ ನೀರು ಹೋದಂತೆ ಕಣಗಳು ಹತ್ತಿರ ಬರುತ್ತವೆ. ಕುಗ್ಗುವುದು ಅಂದರೆ ಅದೇ. ಕಣಗಳು ಒಂದಕ್ಕೊಂದು ತಾಗಿದ ಮೇಲೆ ಉಳಿದ ನೀರು ಹೋದರೂ ಮೂರ್ತಿ ಹೆಚ್ಚು ಕುಗ್ಗುವುದಿಲ್ಲ. ಆದ್ದರಿಂದ ಬಿರುಕಿನ ಭಯ ಇರುವುದು ಮೊದಲ ವಾರದಲ್ಲೇ. ಆಗ ಬಿಸಿಲು, ಫ್ಯಾನ್ ಎರಡೂ ಬೇಡ. ಕಿವಿ, ಬೆರಳು, ಸೊಂಡಿಲ ತುದಿ ಬೇಗ ಆರುತ್ತವೆ, ಹೊಟ್ಟೆ ತಡ. ಆ ತುದಿಗಳಿಗೆ ಹಿಂಡಿದ ಒದ್ದೆ ಬಟ್ಟೆ ಸುತ್ತಿಟ್ಟರೆ ಎಲ್ಲ ಕಡೆ ಒಂದೇ ಸಮ ಆರುತ್ತದೆ.

ಎರಡನೇ ವಾರದಿಂದ ತೊಂದರೆ ಉಲ್ಟಾ. ಮೂರ್ತಿ ಇನ್ನು ಕುಗ್ಗುವುದಿಲ್ಲ, ಆದರೆ ಒದ್ದೆ ಗಾಳಿ ಅದರ ನೀರನ್ನು ತೆಗೆದುಕೊಳ್ಳುವುದೂ ಇಲ್ಲ. ಈಗ ಬಿಸಿ ಬೇಕು. 25 ಡಿಗ್ರಿಯ ಗಾಳಿಯಲ್ಲಿ ತೇವಾಂಶ ನೂರಕ್ಕೆ 95 ಇದ್ದರೆ, ಅದೇ ಗಾಳಿಯನ್ನು 35 ಡಿಗ್ರಿಗೆ ಬಿಸಿ ಮಾಡಿದಾಗ ತೇವಾಂಶ 54ರ ಹತ್ತಿರಕ್ಕೆ ಇಳಿಯುತ್ತದೆ. ಹತ್ತೇ ಡಿಗ್ರಿಯಲ್ಲಿ ಮಳೆಗಾಲದ ಗಾಳಿ ಒಣ ಗಾಳಿಯಾಗುತ್ತದೆ. ಬಚ್ಚಲ ಒಲೆಯ ಮೇಲಿನ ಅಟ್ಟ ಇದಕ್ಕೆ ಒಳ್ಳೆಯ ಜಾಗ, ಮಸಿ ಬೀಳದಂತೆ ಮೇಲೊಂದು ತೆಳು ಬಟ್ಟೆ ಹಾಕಿ. ಒಲೆ ಇಲ್ಲದ ಮನೆಯಲ್ಲಿ ಸಣ್ಣ ಕೋಣೆಯ ಬಾಗಿಲು ಹಾಕಿ ಹಳೆ ಕಾಲದ 60 ವ್ಯಾಟಿನ ಬಲ್ಬ್ ಒಂದೆರಡು ಉರಿಸಿಡಿ. ಎಲ್‌ಇಡಿ ಬಲ್ಬ್ ಇಷ್ಟು ಬಿಸಿ ಕೊಡುವುದಿಲ್ಲ. ಕಿಟಕಿ ಒಂದು ಬೆರಳಷ್ಟು ತೆರೆದಿರಲಿ. ಪೂರ್ತಿ ಮುಚ್ಚಿದರೆ ಮೂರ್ತಿ ಬಿಟ್ಟ ಆವಿ ಅಲ್ಲೇ ತಿರುಗುತ್ತದೆ, ಬೂಷ್ಟು ಹಿಡಿಯುತ್ತದೆ.

ಒಣಗಿತೋ ಇಲ್ಲವೋ ಅಂತ ಬಣ್ಣ ನೋಡಿ ಹೇಳುವುದು ಕಷ್ಟ, ಮೈ ಬೆಳ್ಳಗಾದರೂ ಒಳಗೆ ಹಸಿ ಇರಬಹುದು. ತಳವನ್ನು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಇನ್ನೂ ನೀರಿದೆ. ಇದಕ್ಕಿಂತ ನಂಬಿಕೆಯದು ತೂಕ. ಟೊಳ್ಳು ಮಾಡಿದ ಮೇಲೆ ಮೂರ್ತಿ 3 ಕಿಲೋ ಇದೆ ಅನ್ನಿ. ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಮೊದಮೊದಲು ಬೇಗ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಕಡೆಗೆ 2 ಕಿಲೋ 400 ಗ್ರಾಂ ಆಸುಪಾಸಿನಲ್ಲಿ ನಿಂತು, ಮೂರು ದಿನ ಹತ್ತು ಗ್ರಾಂ ಕೂಡ ಇಳಿಯದಿದ್ದರೆ ಒಣಗಿತು. ಜೋರು ಮಳೆಯ ರಾತ್ರಿ ಕಳೆದು ತೂಕ ತುಸು ಏರಿದರೆ ಹೆದರಬೇಡಿ. ಒಣ ಮಣ್ಣು ಗಾಳಿಯಿಂದ ನೀರು ಎಳೆದುಕೊಂಡಿದೆ, ಒಂದು ದಿನ ಬಿಸಿಗಿಟ್ಟರೆ ಸರಿಯಾಗುತ್ತದೆ.

ಇಷ್ಟಾದ ಮೇಲೂ ಸಣ್ಣ ಬಿರುಕು ಕಂಡರೆ ಹಸಿ ಮಣ್ಣು ಮೆತ್ತಬೇಡಿ. ಅದು ಮತ್ತೆ ಕುಗ್ಗಿ ಅಲ್ಲೇ ಬಿಡುತ್ತದೆ. ಅದೇ ಮಣ್ಣಿನ ಒಣ ಪುಡಿಯನ್ನು ಗೋಂದಿನ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಬಿರುಕಿನ ಅಂಚನ್ನು ಕುಂಚದಿಂದ ತುಸು ತೇವ ಮಾಡಿ ತುಂಬಿ.

ಬಣ್ಣಕ್ಕೆ ಶೇಡಿ, ಕೆಮ್ಮಣ್ಣು, ಅರಿಶಿನ ಸಾಕು. ಬಿಳಿಗೆ ಸುಣ್ಣ ಬಳಸಿದ್ದರೆ ಅದರ ಮೇಲೆ ಅರಿಶಿನ ಹಚ್ಚಬೇಡಿ, ಕೆಂಪಾಗಿಬಿಡುತ್ತದೆ. ಎಣ್ಣೆ ಬಣ್ಣ ಬೇಡವೇ ಬೇಡ. ಅದರ ಪದರ ನೀರನ್ನು ಒಳಗೆ ಬಿಡುವುದಿಲ್ಲ, ಬಕೆಟ್ಟಿನಲ್ಲಿ ಮುಳುಗಿಸಿದ ಮೂರ್ತಿ ಹಾಗೇ ಕೂತಿರುತ್ತದೆ. ಬರೀ ಮಣ್ಣಿನದಾದರೆ ಒಣಗಿದಷ್ಟೂ ಬೇಗ ಕರಗುತ್ತದೆ.

ಘಟ್ಟದ ಮೇಲೆ

ಹತ್ತರಲ್ಲಿ ಒಂದು ಮೂರ್ತಿ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಬೇಕು ಅಂತಿರಲಿ. ಇಲ್ಲಿಯೂ ಒಣಗಿದ್ದೇ ಕಾಯುವುದು. ಅರೆ ಒಣಗಿದ ಮಣ್ಣಿಗೆ ಪೂರ್ತಿ ಒಣಗಿದ ಮಣ್ಣಿನ ಬಲ ಇರುವುದಿಲ್ಲ. ಮುರಿಯುವುದು ಹೆಚ್ಚಾಗಿ ಕಿವಿಯ ಅಂಚು, ಮೇಲೆತ್ತಿದ ಕೈಯ ಮಣಿಕಟ್ಟು, ಸೊಂಡಿಲ ತುದಿ. ಹಾಗಾಗಿ ಈ ಜಾಗಗಳಿಗೆ ಏನೂ ತಾಗಬಾರದು. ಮೂರ್ತಿಗಿಂತ ಎತ್ತರದ ರಟ್ಟಿನ ಪೆಟ್ಟಿಗೆಯಲ್ಲಿ ಮಣೆ ಸಮೇತ ಇಟ್ಟು, ಪೀಠದಿಂದ ಮಡಿಚಿದ ಕಾಲಿನವರೆಗೆ ಮಾತ್ರ ಒಣಹುಲ್ಲನ್ನು ಬಿಗಿಯಾಗಿ ತುರುಕಿ. ಸೊಂಟದ ಮೇಲೆ ಬರೀ ಗಾಳಿ. ಪೇಪರ್ ಉಂಡೆ ಮಾಡಿ ಕಿವಿ, ಕೈಗಳ ಸುತ್ತ ತುಂಬುವವರಿದ್ದಾರೆ. ಗಾಡಿ ಕುಲುಕಿದಾಗ ಆ ಉಂಡೆಯೇ ಕೈಯನ್ನು ತಳ್ಳಿ ಮುರಿಯುತ್ತದೆ. ಪೆಟ್ಟಿಗೆ ಕಟ್ಟಿದ ಮೇಲೆ ಮೆಲ್ಲಗೆ ಅಲ್ಲಾಡಿಸಿ. ಮಣೆ ಸರಿದ ಸದ್ದು ಬಂದರೆ ಇನ್ನಷ್ಟು ಹುಲ್ಲು ಬೇಕು.

ಕಾರಿನಲ್ಲಾದರೆ ಹಿಂದಿನ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ಇಡಿ. ಡಿಕ್ಕಿ ಹಿಂದಿನ ಗಾಲಿಗಿಂತ ಆಚೆ ಇರುವುದರಿಂದ ಅಲ್ಲಿ ಕುಲುಕಾಟ ಜಾಸ್ತಿ. ಸೀಟಿನ ಮೇಲಿಟ್ಟರೆ ಸ್ಪಂಜು ಪುಟಿಸುತ್ತದೆ. ಬೈಕಿನಲ್ಲಿ ಹೋಗುವುದಾದರೆ ಹಿಂದೆ ಕೂತವರ ತೊಡೆಯ ಮೇಲೆ ಮಾತ್ರ. ಮಳೆಗೆ ಪ್ಲಾಸ್ಟಿಕ್ ಹೊದಿಸಿ, ಆದರೆ ತಲುಪಿದ ಕೂಡಲೇ ತೆಗೆಯಲು ಹೇಳಿ. ಒಳಗೆ ಬೆವರಿದರೆ ನೀರಿನ ಬಣ್ಣ ಇಳಿಯುತ್ತದೆ. ಎತ್ತುವಾಗ ಮಣೆ ಹಿಡಿಯಬೇಕು, ಮೂರ್ತಿಯನ್ನಲ್ಲ ಅಂತ ಪೆಟ್ಟಿಗೆಯ ಮೇಲೆ ಬರೆದುಬಿಡಿ. ದೂರದ ಮೂರ್ತಿಯನ್ನು ಎರಡು ದಿನ ಮೊದಲೇ ಕಳಿಸಿ, ಜೊತೆಗೆ ಒಂದು ಹಿಡಿ ಒಣ ಮಣ್ಣಿನ ಪುಡಿಯನ್ನೂ ಕಟ್ಟಿಕೊಡಿ. ಸ್ಥಾಪನೆಗೆ ಮೊದಲು ರಿಪೇರಿಗೆ ಬೇಕಾದರೆ ಇರಲಿ.

ತೆಗೆದಿಟ್ಟ ಮಣ್ಣಿನಿಂದ ಹಣತೆ

2026ರ ದೀಪಾವಳಿ ನವೆಂಬರ್ 8ಕ್ಕೆ. ಅಕ್ಟೋಬರಿನಲ್ಲಿ ಮಳೆ ಕಡಿಮೆಯಾಗುವುದರಿಂದ ಹಣತೆ ವಾರದೊಳಗೆ ಒಣಗುತ್ತದೆ. ಹತ್ತಿ ಸೇರಿಸಿದ ಮಣ್ಣು ಇದಕ್ಕೆ ಬೇಡ. ಸುಡುವಾಗ ಹತ್ತಿ ಉರಿದು ತೂತು ಉಳಿಯುತ್ತದೆ, ಎಣ್ಣೆ ಸೋರುತ್ತದೆ. ಹತ್ತು ಪಾಲು ಮಣ್ಣಿಗೆ ಒಂದು ಪಾಲು ನಯವಾದ ಮರಳು ಸೇರಿಸಿ. ಸುಡುವುದು ಮನೆಯ ಒಲೆಯಲ್ಲಿ ಆಗದು, ಅಷ್ಟು ಬಿಸಿ ಅಲ್ಲಿ ಏಳುವುದಿಲ್ಲ. ಹತ್ತಿರದ ಕುಂಬಾರರ ಆವಿಗೆಯಲ್ಲಿ ಜಾಗ ಕೇಳಿ, ಅವರು ಬೆಂಕಿ ಹಾಕುವ ದಿನ ತಿಳಿದುಕೊಂಡು ಅದಕ್ಕೆ ಹತ್ತು ದಿನ ಮೊದಲು ಹಣತೆ ಮಾಡಿ. ಹಸಿ ಉಳಿದ ಹಣತೆ ಆವಿಗೆಯಲ್ಲಿ ಸಿಡಿದು ಅವರ ಮಡಕೆಯನ್ನೂ ಒಡೆಯುತ್ತದೆ, ಅದಕ್ಕೇ ಇಲ್ಲಿಯೂ ಕೆನ್ನೆಗೆ ತಾಗಿಸಿ ನೋಡಿಯೇ ಕೊಡಿ. ಸುಟ್ಟ ಹಣತೆಯನ್ನು ಹಚ್ಚುವ ಮೊದಲು ನಾಲ್ಕೈದು ಗಂಟೆ ನೀರಿನಲ್ಲಿ ನೆನೆಸಿ ಒರೆಸಿಕೊಂಡರೆ ಎಣ್ಣೆ ಕುಡಿಯುವುದು ಕಡಿಮೆಯಾಗುತ್ತದೆ.