ಒಳ್ಳೆ ಸೆಟ್ಟರ್‌ನನ್ನೇ ಮ್ಯಾನೇಜರ್ ಮಾಡಬೇಕಾ?

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಮಷಿನ್ ಶಾಪ್ ಇದೆ. ಏಳು ಸಿಎನ್‌ಸಿ ಮಷಿನ್, ಎರಡು ಶಿಫ್ಟ್, 26 ಜನ. ಫೌಂಡ್ರಿಯ ಕಾಸ್ಟಿಂಗ್ ತಂದು ಮಷಿನಿಂಗ್ ಮಾಡಿ ಕೊಡುತ್ತೇವೆ. ಪ್ರೊಡಕ್ಷನ್ ಮ್ಯಾನೇಜರ್ ಕೆಲಸ ಬಿಟ್ಟಾಗ ಎಲ್ಲರ ಬಾಯಲ್ಲೂ, ಮಷಿನ್‌ಗೆ ಟೂಲ್ ಕೂರಿಸಿ ಅಳತೆ ಹೊಂದಿಸುವ ನಮ್ಮ ಸೆಟ್ಟರ್ ಹೆಸರೇ ಇತ್ತು. ಹನ್ನೊಂದು ವರ್ಷದ ಹಳಬ. ಅವನು ಸೆಟ್ ಮಾಡಿದ ಮಷಿನ್‌ನಲ್ಲಿ ಪೀಸ್ ರಿಜೆಕ್ಟ್ ಆಗುವುದೇ ಅಪರೂಪ.

ನಾನು ಒಮ್ಮೆಲೇ ಆರ್ಡರ್ ಕೊಡಲಿಲ್ಲ. ಪಗಾರದ ಮೇಲೆ ಸ್ವಲ್ಪ ಸೇರಿಸಿ ಆರು ವಾರ ಚಾರ್ಜ್ ಕೊಟ್ಟೆ. ಹಿಡಿಸದಿದ್ದರೆ ಹಳೆ ಕೆಲಸ ಹಾಗೇ ಇರುತ್ತದೆ ಅಂತ ಎಲ್ಲರ ಮುಂದೆಯೇ ಹೇಳಿದೆ. ಇದನ್ನು ಮೊದಲೇ ಹೇಳದಿದ್ದರೆ ವಾಪಸ್ ಬರುವುದು ಅವಮಾನವಾಗುತ್ತದೆ, ಆಗ ಒಳ್ಳೆ ಸೆಟ್ಟರ್ ಕೂಡ ಕೈತಪ್ಪಿ ಹೋಗುತ್ತಾನೆ.

ಮೂರನೇ ವಾರ ಒಂದು ಬೆಳಿಗ್ಗೆ ಮೂರನೇ ನಂಬರ್ ಮಷಿನ್‌ನಲ್ಲಿ ಟೂಲ್ ತುದಿಯ ಇನ್ಸರ್ಟ್ ಮುರಿಯಿತು. ಸೆಟ್ಟರ್ ಓಡಿ ಹೋಗಿ ತಾನೇ ಬದಲಿಸಿದ, ಆಫ್‌ಸೆಟ್ ಕೊಟ್ಟ, ಅಳತೆ ನೋಡಿದ. ಇಪ್ಪತ್ತು ನಿಮಿಷ ಆಪರೇಟರ್ ಹುಡುಗ ಕೈಕಟ್ಟಿ ನಿಂತಿದ್ದ. ಆ ಕಡೆ ಎರಡು ಮಷಿನ್, ಅವನು ಬಂದು ಮೊದಲ ಪೀಸ್ ನೋಡಿ ಪಾಸ್ ಮಾಡಲಿ ಅಂತ ಕಾಯುತ್ತಿದ್ದವು. ಇಂಥದ್ದು ದಿನಾ ನಡೆಯುತ್ತಿತ್ತು. ನಾನು ನೋಡುತ್ತಿದ್ದದ್ದು ಇದನ್ನೇ: ಕೆಲಸ ನಿಂತಾಗ ತಾನೇ ಕೈ ಹಾಕುತ್ತಾನಾ, ಇನ್ನೊಬ್ಬರಿಂದ ಮಾಡಿಸುತ್ತಾನಾ? ಅವನನ್ನೇ ಕೇಳಿದೆ. "ಸಾಹೇಬ್ರ, ನೀವ್ ಹೇಳಿದ್ರ ಮಾಡ್ತೀನ್ರಿ. ಆದ್ರ ದಿನಾ ಮಂದಿಗಿ ಹೇಳಿ ಕೆಲಸ ಮಾಡ್ಸೂದು ನನಗ ಒಗ್ಗೂದಿಲ್ರಿ" ಅಂದ.

ಆಮೇಲೆಯೇ ಹೊರಗಿನವರನ್ನು ಹುಡುಕಿದ್ದು. ಪುಣೆಯಲ್ಲಿ ಕೆಲಸ ಮಾಡಿದ ಒಬ್ಬರು ಬಂದರು. ಆಫೀಸಿನಲ್ಲಿ ಕೂತು ಮಾತಾಡಿದರೆ ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಾರೆ, ಅಲ್ವಾ? ಅದಕ್ಕೆ ಒಂದು ದಿನದ ದುಡ್ಡು ಕೊಟ್ಟು ಶಾಪ್‌ನಲ್ಲಿ ಬಿಟ್ಟೆ, ಹಿಂದಿನ ತಿಂಗಳ ರಿಜೆಕ್ಷನ್ ರಿಜಿಸ್ಟರ್ ಕೈಗಿಟ್ಟೆ. ಯಾರ ತಪ್ಪು ಅಂತ ಅವರು ಕೇಳಲೇ ಇಲ್ಲ. ಯಾವ ಹೊತ್ತಿಗೆ ಆಗುತ್ತಿದೆ ಅಂತ ನೋಡಿದರು. ಜಾಸ್ತಿ ರಿಜೆಕ್ಷನ್ ಎರಡನೇ ಶಿಫ್ಟ್‌ನಲ್ಲಿ, ಟೂಲ್ ಬದಲಿಸಿದ ಮೇಲೆ ಬರುತ್ತಿತ್ತು. ಆ ಹೊತ್ತಿಗೆ ಮೊದಲ ಪೀಸ್ ಚೆಕ್ ಮಾಡುವವರೇ ಇರಲಿಲ್ಲ. ಅವರ ಹಳೆ ಸಾಹೇಬರಿಗಷ್ಟೇ ಅಲ್ಲ, ಅವರ ಕೈಕೆಳಗೆ ದುಡಿದ ಇಬ್ಬರಿಗೂ ಫೋನ್ ಮಾಡಿ ವಿಚಾರಿಸಿದೆ.

ಕೆಲಸ ಅವರಿಗೇ ಕೊಟ್ಟೆ. ಆದರೆ ಸುದ್ದಿ ಹೊರಗೆ ಬೀಳುವ ಮೊದಲೇ ಸೆಟ್ಟರ್ ಮನೆಗೆ ಹೋಗಿ ಹೇಳಿದೆ. ಚಾರ್ಜ್‌ಗೆ ಸೇರಿಸಿದ್ದ ಹಣವನ್ನು ಅವನ ಪಗಾರದಲ್ಲೇ ಉಳಿಸಿದೆ, ಇಬ್ಬರು ಹುಡುಗರಿಗೆ ಸೆಟ್ಟಿಂಗ್ ಕಲಿಸುವ ಜವಾಬ್ದಾರಿ ಕೊಟ್ಟೆ. ಮೊದಲ ಮೂರು ತಿಂಗಳು ಕಷ್ಟವೇ ಆಯಿತು. ಯಾವ ಫೌಂಡ್ರಿಯ ಕಾಸ್ಟಿಂಗ್‌ನಲ್ಲಿ ಗಟ್ಟಿ ಜಾಗ ಬರುತ್ತದೆ, ಎಲ್ಲಿ ಟೂಲ್ ಮುರಿಯುತ್ತದೆ ಅನ್ನುವುದು ಹೊಸಬರಿಗೆ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಸೆಟ್ಟರ್ ಜೊತೆ ಹತ್ತು ನಿಮಿಷ ನಿಂತು ಕೇಳಿಕೊಳ್ಳಿ ಅಂದೆ. ಈಗಲೂ ಹೊಸ ಲಾಟ್ ಬಂದರೆ ಇಬ್ಬರೂ ಸೇರಿ ಮೊದಲ ಪೀಸ್ ನೋಡುತ್ತಾರೆ, ಮಷಿನ್‌ಗೆ ಕೈ ಹಾಕುವುದು ಮಾತ್ರ ಹುಡುಗರು.