ಹೊಗೆ ಎಡಕ್ಕೆ, ಬಾಟಲಿಯೊಳಗೆ ಬಲಕ್ಕೆ

"ಹೊಗೆ ಆಮೇಲೆ ಸೇರಿಸಿದ್ರಾಯ್ತು ಬಿಡಿ ಸಾರ್" ಅಂತ ಅಸಿಸ್ಟೆಂಟ್ ಹುಡುಗನಿಂದ ಹಿಡಿದು ಆರ್ಟ್ ಡೈರೆಕ್ಟರ್‌ವರೆಗೆ ಎಲ್ಲರೂ ಹೇಳಿದರು. ಹಿಂದೆ ಹೊಗೆ ಹರಿಯುವ ಸುಗಂಧದ ಬಾಟಲಿಯ ಫೋಟೋ ಬೇಕಿತ್ತು. ಮೊದಲು ನಾನೂ ಹಾಗೇ ಮಾಡಿದ್ದೆ. ಕಪ್ಪು ವೆಲ್ವೆಟ್ ಮುಂದೆ ದುಂಡು ಬಾಟಲಿ, ಹಿಂದಿನಿಂದ ಎರಡೂ ಬದಿಗೆ ಸ್ಟ್ರಿಪ್ ಲೈಟ್. ಹೊಗೆಯನ್ನು ಬೇರೆ ತೆಗೆದು ಕಂಪ್ಯೂಟರಿನಲ್ಲಿ, ಕಪ್ಪು ಬಿಟ್ಟು ಬೆಳಕಷ್ಟೇ ಸೇರುವ ಸ್ಕ್ರೀನ್ ಮೋಡ್‌ನಲ್ಲಿ ಕೂಡಿಸಿದೆ. ಚಿತ್ರ ಚೆನ್ನಾಗಿತ್ತು, ಆದರೆ ಗಾಜಿನ ಮೇಲೆ ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣುತ್ತಿತ್ತು.

ಕಾರಣ ಹೊಳೆಯಲು ಎರಡು ದಿನ ಬೇಕಾಯಿತು. ತುಂಬಿದ ದುಂಡು ಬಾಟಲಿ ಒಂದು ಲೆನ್ಸ್ ಇದ್ದ ಹಾಗೆ. ಅದರ ಹಿಂದೆ ತುಸು ದೂರದಲ್ಲಿ ಹೊಗೆ ಎಡಕ್ಕೆ ಹೋದರೆ ಗಾಜಿನೊಳಗೆ ಬಲಕ್ಕೆ ಹೋಗುತ್ತದೆ. ನೋಡುವವರಿಗೆ ಇದು ಗೊತ್ತಿರಲ್ಲ, ಆದರೆ ಇಲ್ಲದಿದ್ದರೆ ಕಣ್ಣು ಒಪ್ಪಲ್ಲ. ಹಾಗಾಗಿ ಬಾಟಲಿಯ ಹಿಂದಿನ ಹೊಗೆ ಕ್ಯಾಮೆರಾದಲ್ಲೇ ಸಿಗಬೇಕು ಅಂತ ಹಟ ಹಿಡಿದೆ.

ಹೀಗೆ ಮತ್ತೆ ಶುರು ಮಾಡಿದ ಮೊದಲ ದಿನ ಪೂರ್ತಿ ದಂಡ. ಕಂಪನಿಯಿಂದ ಬಂದದ್ದು ಖಾಲಿ ಸ್ಯಾಂಪಲ್. ಖಾಲಿ ಬಾಟಲಿ ಚಿತ್ರವನ್ನು ತಿರುಗಿಸೋದೇ ಇಲ್ಲ! ಆ ದಿನದ ಸ್ಟುಡಿಯೋ ಬಾಡಿಗೆ ನನ್ನ ಕೈಯಿಂದಲೇ ಹೋಯಿತು. ಮರುದಿನ ನೀರಿಗೆ ಒಂದೆರಡು ಹನಿ ಬಣ್ಣ ಹಾಕಿ ಕತ್ತಿನವರೆಗೆ ತುಂಬಿದೆ. ನೀರು ಬೆಳಕನ್ನು ಬಾಗಿಸುವುದು ಸುಗಂಧದ ದ್ರವಕ್ಕಿಂತ ಸ್ವಲ್ಪ ಕಡಿಮೆ, ಫೋಟೋದಲ್ಲಿ ಮಾತ್ರ ಆ ವ್ಯತ್ಯಾಸ ಕಾಣಲ್ಲ.

ಆಮೇಲೆ ಹೊಗೆಯ ಕಾಟ. ಫಾಗ್ ಮಷೀನಿನದು ಬಿಸಿ, ನೇರ ಮೇಲಕ್ಕೆದ್ದು ಕಪ್ಪು ಹಿನ್ನೆಲೆಯನ್ನೆಲ್ಲ ಬೂದಿಬಣ್ಣ ಮಾಡಿತು. ಡ್ರೈ ಐಸ್ ಹಾಕಿದರೆ ಕೆಳಗೇ ಹರಿಯಿತು ನಿಜ, ಆದರೆ ಅದರ ತಣ್ಣನೆ ಗಾಳಿಗೆ ಬಾಟಲಿ ಬೆವರಿತು. ಕೊನೆಗೆ ಫಾಗ್ ಮಷೀನಿನ ಬಾಯಿಯನ್ನು ಐಸ್ ತುಂಬಿದ ಡಬ್ಬಿಗೆ ಕೊಟ್ಟು, ಅಲ್ಲಿಂದ ಪೈಪಿನಲ್ಲಿ ಬಾಟಲಿಯ ಹಿಂದೆ ಒಂದು ಗೇಣು ದೂರಕ್ಕೆ ಬಿಟ್ಟೆ. ತಣ್ಣಗಾದ ಹೊಗೆ ಮೇಜಿನ ಮೇಲೆ ತೆವಳುತ್ತಾ ಹೋಯಿತು.

ಬೆಳಕು ಪಕ್ಕಕ್ಕೆ ಚೆಲ್ಲದ ಹಾಗೆ ಲೈಟುಗಳಿಗೆ ಗ್ರಿಡ್ ಹಾಕಿದ ಮೇಲೆ ವೆಲ್ವೆಟ್ ಮತ್ತೆ ಕಪ್ಪಾಯಿತು. ಫ್ಲಾಶ್‌ನಲ್ಲಿ ಹೊಗೆ ಹತ್ತಿ ಹಿಂಜಿಟ್ಟ ಹಾಗೆ ನಿಂತುಬಿಡುತ್ತಿತ್ತು. ಎಲ್‌ಇಡಿ ಹಾಕಿ ಶಟರ್ ವೇಗವನ್ನು 1/15 ಸೆಕೆಂಡಿಗೆ ಇಳಿಸಿದಾಗ ಎಳೆ ಎಳೆಯಾಗಿ ಹರಿಯಿತು. ಹತ್ತು ಫ್ರೇಮಿಗೊಮ್ಮೆ ಗಾಜು ಒರೆಸಲೇಬೇಕು, ಇಲ್ಲದಿದ್ದರೆ ಫಾಗಿನ ಜಿಡ್ಡು ಕೂತು ಅಂಚಿನ ಹೊಳಪು ಸಾಯುತ್ತದೆ. ಸುಮಾರು ಇನ್ನೂರು ಫ್ರೇಮಿನಲ್ಲಿ ನಾಲ್ಕು ಉಳಿದವು. ಬಾಟಲಿಯ ಮುಂದೆ ಬರುವ ತೆಳು ಹೊಗೆಯನ್ನು ಆಮೇಲೇ ಸೇರಿಸಿದೆ, ಅದು ಗಾಜಿನ ಮೂಲಕ ಹಾಯುವುದಿಲ್ಲವಲ್ಲ.

ನಡುವೆ ಚೌಕ ಬಾಟಲಿಯನ್ನೂ ಇಟ್ಟು ನೋಡಿದೆ. ಚಪ್ಪಟೆ ಮುಖ ಏನನ್ನೂ ತಿರುಗಿಸಲ್ಲ, ಅದಕ್ಕೆ ಇಷ್ಟು ಒದ್ದಾಟ ಬೇಡ.

ಫೋಟೋ ಒಪ್ಪಿದ ಆರ್ಟ್ ಡೈರೆಕ್ಟರ್ ಎರಡು ದಿನ ಬಿಟ್ಟು, "ಹೊಗೆ ಆ ಕಡೆಯಿಂದ ಬರಲಿ, ಚಿತ್ರ ಉಲ್ಟಾ ಮಾಡಿಬಿಡಿ" ಅಂದರು. ಉಲ್ಟಾ ಮಾಡಿದರೆ ಬಾಟಲಿ ಮೇಲಿನ ಹೆಸರೂ ಉಲ್ಟಾ. ಮತ್ತೆ ಶೂಟ್ ಮಾಡಿದೆ, ಈ ಸಲ ಬಾಡಿಗೆ ಅವರದು.