ಖಾತೆ ಬದಲಾಗಿದೆ ಎಂದು ಮೇಲ್ ಬಂದಾಗ ನಾನು ಮಾಡುವುದು

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಪಿಗ್ ಐರನ್, ಸ್ಕ್ರ್ಯಾಪ್, ಕೋರ್ ಮಾಡುವ ಕೋಟೆಡ್ ಸ್ಯಾಂಡ್, ಸಾಗಣೆ ಹೀಗೆ ಪೂರೈಕೆದಾರರು ಬಹಳ. ಅವರಲ್ಲಿ ಯಾರಾದರೊಬ್ಬರು 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ದಾಖಲೆ ತಿದ್ದಿಕೊಳ್ಳಿ' ಎಂದು ಬರೆಯುತ್ತಲೇ ಇರುತ್ತಾರೆ. ಹೆಚ್ಚಿನವು ನಿಜವಾದ ಕೋರಿಕೆಗಳೇ. ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ವಿಲೀನವಾಗಿ, 2021ರ ಜುಲೈಯಿಂದ ಹಳೆಯ ಐಎಫ್‌ಎಸ್‌ಸಿ ನಡೆಯುವುದಿಲ್ಲ ಎಂದಾಗ ಇಂಥ ಪತ್ರಗಳು ರಾಶಿಯಾಗಿ ಬಂದಿದ್ದವು. ಆದ್ದರಿಂದ ಎಲ್ಲವನ್ನೂ ಅನುಮಾನದ ಕಣ್ಣಿನಿಂದ ನೋಡಿದರೆ ಕೆಲಸ ಸಾಗುವುದಿಲ್ಲ, ಎಲ್ಲವನ್ನೂ ನಂಬಿದರೆ ಕಂಪನಿ ಉಳಿಯುವುದಿಲ್ಲ.

ನಾನು ಹೇಳಹೊರಟಿರುವುದು ಒಂದು ಮಾರ್ಚ್ ತಿಂಗಳ ಪ್ರಕರಣ. ಕೊಲ್ಹಾಪುರದ ಕಡೆಯಿಂದ ನಮಗೆ ಕೋಟೆಡ್ ಸ್ಯಾಂಡ್ ತಯಾರಿಸಿ ಕಳುಹಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯಿಂದ ಮೇಲ್ ಬಂತು. ಎರಡು ಬಿಲ್ ಸೇರಿ ಆರು ಲಕ್ಷದ ಎಂಬತ್ತು ಸಾವಿರ ರೂಪಾಯಿ ಬಾಕಿ ಇತ್ತು. ಖಾತೆಯನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿದ್ದೇವೆ, ಹಳೆಯದಕ್ಕೆ ಹಣ ಹಾಕಬೇಡಿ, ಲೆಟರ್‌ಹೆಡ್ ಮತ್ತು ರದ್ದುಪಡಿಸಿದ ಚೆಕ್ ಲಗತ್ತಿಸಿದ್ದೇವೆ ಎಂದಿತ್ತು. ಕೊನೆಯಲ್ಲಿ ಒಂದು ಮೆತ್ತನೆಯ ಒತ್ತಡವೂ ಇತ್ತು: ನಾವು ಸಣ್ಣ ಉದ್ದಿಮೆ, 45 ದಿನ ಮೀರುತ್ತಿದೆ, ಮಾರ್ಚ್ 31ರೊಳಗೆ ಹಣ ಬರದಿದ್ದರೆ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಪ್ರಕಾರ ಆ ಖರ್ಚನ್ನು ಈ ವರ್ಷದ ಲೆಕ್ಕದಲ್ಲಿ ಕಳೆಯಲು ನಿಮಗೇ ಬರುವುದಿಲ್ಲ. ಮಾತು ಸರಿಯೇ. ತೆರಿಗೆಯ ಈ ಸೂಕ್ಷ್ಮ ಗೊತ್ತಿರುವ ಮೋಸಗಾರ ಇರಲಾರ ಎಂದು ಯಾರಿಗಾದರೂ ಅನಿಸಬಹುದು. ಅವನಿಗೆ ಗೊತ್ತಿರುತ್ತದೆ, ಅದು ಅವನ ವೃತ್ತಿ.

ಮೇಲ್ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿದೆ. ಎಮ್ ಇರುವಲ್ಲಿ ಆರ್ ಮತ್ತು ಎನ್ ಜೋಡಿಸುವುದು, ಎಲ್ ಬದಲು ಒಂದು ಎಂಬ ಅಂಕಿ ಹಾಕುವುದು ಹಳೆಯ ಕೈಚಳಕ. ಇಲ್ಲಿ ಹಾಗೇನೂ ಇರಲಿಲ್ಲ. ಉತ್ತರ ಹೋಗಬೇಕಾದ ವಿಳಾಸವೂ ಅದೇ. ಕೆಳಗೆ ನಾವು ಹಿಂದಿನ ತಿಂಗಳು ಬರೆದ ಮೇಲ್‌ಗಳ ಸರಣಿಯೂ ಹಾಗೆಯೇ ಇತ್ತು. ಬಹಳ ಕಚೇರಿಗಳಲ್ಲಿ ತಪಾಸಣೆ ಇಲ್ಲಿಗೆ ಮುಗಿಯುತ್ತದೆ. ನನ್ನ ಪ್ರಕಾರ ವಿಳಾಸ ಸರಿಯಾಗಿದೆ ಎಂದರೆ ಮೇಲ್ ಆ ಪೆಟ್ಟಿಗೆಯಿಂದ ಹೊರಟಿದೆ ಎಂದಷ್ಟೇ ಅರ್ಥ. ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಅದು ಹೇಳುವುದಿಲ್ಲ.

ನಂತರ ಚೆಕ್ಕಿನ ಚಿತ್ರ ತೆರೆದೆ. ಸಾಮಾನ್ಯವಾಗಿ ಎಲ್ಲರೂ ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ನೋಡುತ್ತಾರೆ. ತಿದ್ದುವವನೂ ಅವನ್ನೇ ತಿದ್ದಿರುತ್ತಾನೆ. ನಾನು ಮೊದಲು ನೋಡುವುದು ಚೆಕ್ಕಿನ ತಳದ ಬಿಳಿ ಪಟ್ಟಿಯನ್ನು. ಅಲ್ಲಿ ವಿಚಿತ್ರ ಆಕಾರದ ಅಂಕಿಗಳ ನಾಲ್ಕು ಗುಂಪುಗಳಿರುತ್ತವೆ. ಮೊದಲ ಆರು ಅಂಕಿ ಚೆಕ್ ಸಂಖ್ಯೆ. ಅನಂತರದ ಒಂಬತ್ತು ಎಂಐಸಿಆರ್ ಕೋಡ್; ಅದರಲ್ಲಿ ಮೊದಲ ಮೂರು ನಗರಕ್ಕೆ, ಮುಂದಿನ ಮೂರು ಬ್ಯಾಂಕಿಗೆ, ಕೊನೆಯ ಮೂರು ಶಾಖೆಗೆ. ಅದಾದ ಮೇಲೆ ಖಾತೆಗೆ ಸಂಬಂಧಿಸಿದ ಆರು ಅಂಕಿ, ಕಟ್ಟಕಡೆಗೆ ಎರಡಂಕಿಯ ವ್ಯವಹಾರ ಕೋಡ್. ನಗರದ ಮೂರು ಅಂಕಿಗಳು ಪಿನ್ ಕೋಡಿನ ಮೊದಲ ಮೂರು ಅಂಕಿಗಳನ್ನು ಹೋಲುತ್ತವೆ. ಬೆಳಗಾವಿಗೆ 590, ಕೊಲ್ಹಾಪುರಕ್ಕೆ 416.

ಈ ಚೆಕ್ಕಿನಲ್ಲಿ ಶಾಖೆ ಕೊಲ್ಹಾಪುರ ಎಂದು ಮುದ್ರಿತವಾಗಿತ್ತು. ಪಟ್ಟಿಯಲ್ಲಿದ್ದದ್ದು 110, ಅಂದರೆ ದೆಹಲಿ. ಕೊನೆಯ ಎರಡಂಕಿ 31. ಅದು ಉಳಿತಾಯ ಖಾತೆಯ ಚೆಕ್ಕಿಗೆ ಬರುವ ಕೋಡ್. ಚಾಲ್ತಿ ಖಾತೆಯದಾಗಿದ್ದರೆ 11 ಅಥವಾ 29 ಇರಬೇಕಿತ್ತು. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಉಳಿತಾಯ ಖಾತೆ ಎಲ್ಲಿಂದ ಬರಬೇಕು? ಯಾರದೋ ಚೆಕ್ಕಿನ ಚಿತ್ರ ತೆಗೆದುಕೊಂಡು ಮೇಲ್ಭಾಗವನ್ನು ಮಾತ್ರ ಬದಲಿಸಿದ್ದರು. ಚಿತ್ರವನ್ನು ದೊಡ್ಡದು ಮಾಡಿದರೆ ಖಾತೆ ಸಂಖ್ಯೆಯ ಹಿಂದಿನ ನಸು ಬಣ್ಣದ ಗೆರೆಗಳು ಅಲ್ಲಿಗಷ್ಟೇ ಅಳಿಸಿಹೋಗಿದ್ದವು. ಆದರೆ ಈ ಪರೀಕ್ಷೆ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ ಎಂಬುದು ನೆನಪಿರಲಿ: ಪಟ್ಟಿ ತಾಳೆಯಾಗದಿದ್ದರೆ ಅನುಮಾನ ಗಟ್ಟಿ; ತಾಳೆಯಾದರೆ ಏನೂ ಸಾಬೀತಾಗುವುದಿಲ್ಲ, ಸ್ವಲ್ಪ ಜಾಣನಾದವನು ಅದನ್ನೂ ತಿದ್ದುತ್ತಾನೆ.

ಹೆಸರಿನ ಪರಿಶೀಲನೆಯನ್ನೂ ಮಾಡಿದೆ. ನೆಫ್ಟ್, ಆರ್‌ಟಿಜಿಎಸ್‌ನಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ. ನಾವು ಟೈಪ್ ಮಾಡುವ ಹೆಸರನ್ನು ಬ್ಯಾಂಕ್ ತಾಳೆ ನೋಡುವುದಿಲ್ಲ. ಈ ಕೊರತೆ ತುಂಬಲು 2025ರ ಏಪ್ರಿಲ್ 1ರೊಳಗೆ ಹಣ ಪಡೆಯುವವರ ಹೆಸರನ್ನು ಮೊದಲೇ ತೋರಿಸುವ ಸೌಲಭ್ಯ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಸೂಚಿಸಿತ್ತು. ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಹಾಕಿದರೆ ಆ ಖಾತೆ ಯಾರ ಹೆಸರಿನಲ್ಲಿದೆ ಎಂದು ಪರದೆಯ ಮೇಲೆ ಬರುತ್ತದೆ. ಬಂತು ಕೂಡ: ಮೊದಲ ಪದ ನಮ್ಮ ಪೂರೈಕೆದಾರರದ್ದೇ, ಎರಡನೆಯದು 'ಎಂಟರ್‌ಪ್ರೈಸಸ್'. ಪ್ರೈವೇಟ್ ಲಿಮಿಟೆಡ್ ಎಂಬುದು ಎಲ್ಲಿಯೂ ಇಲ್ಲ. ಅವಸರದಲ್ಲಿರುವವರ ಕಣ್ಣು ಮೊದಲ ಪದಕ್ಕೇ ತೃಪ್ತಿಪಡುತ್ತದೆ. ಕೇಳಿದರೆ 'ಅದು ನಮ್ಮದೇ ಸೋದರ ಸಂಸ್ಥೆ' ಎಂಬ ಉತ್ತರವೂ ಸಿದ್ಧವಿರುತ್ತದೆ. ಜಿಎಸ್‌ಟಿ ಬಿಲ್ ಒಂದು ಸಂಸ್ಥೆಯದು, ಹಣ ಇನ್ನೊಂದಕ್ಕೆ ಎಂದಾದರೆ ನಾನು ಅಲ್ಲಿಯೇ ನಿಲ್ಲಿಸುತ್ತೇನೆ.

ಇಷ್ಟಾದ ಮೇಲೂ ಫೋನ್ ಮಾಡಲೇಬೇಕು. ಮೇಲ್‌ನ ಕೊನೆಗೆ ಒಂದು ಮೊಬೈಲ್ ಸಂಖ್ಯೆ ಇತ್ತು. ಅದನ್ನು ಮುಟ್ಟದೆ, ಅವರು ಮೊದಲ ಬಾರಿ ನಮ್ಮಲ್ಲಿ ನೋಂದಣಿಯಾದಾಗ ತುಂಬಿದ ಅರ್ಜಿಯನ್ನು ಫೈಲಿನಿಂದ ತೆಗೆದೆ. ಅದರಲ್ಲಿದ್ದ ಸ್ಥಿರ ದೂರವಾಣಿಗೆ ಕರೆ ಮಾಡಿದೆ. ಎತ್ತಿದವರು ಅವರ ಲೆಕ್ಕ ವಿಭಾಗದ ಹುಡುಗ.

"ನಿಮ್ಮ ಬ್ಯಾಂಕ್ ಖಾತೆ ಬದಲಾಗಿದೆಯಾ?" ಎಂದು ಕೇಳಿದ್ದರೆ ಕತೆ ಬೇರೆಯೇ ಆಗುತ್ತಿತ್ತು. ಯಾಕೆಂದರೆ ನಾನು ಬ್ಯಾಂಕಿನ ವಿಷಯ ಎನ್ನುತ್ತಿದ್ದಂತೆಯೇ ಆತ, "ಹೌದು ಮೇಡಂ, ಬದಲಾಗುತ್ತಿದೆ, ಎಲ್ಲರಿಗೂ ತಿಳಿಸುತ್ತಿದ್ದೇವೆ" ಎಂದ. ಅದು ಸುಳ್ಳಲ್ಲ. ಅವರು ನಿಜವಾಗಿಯೂ ತಮ್ಮ ಕ್ಯಾಶ್ ಕ್ರೆಡಿಟ್ ಸಾಲದ ಸೌಲಭ್ಯವನ್ನು ಬೇರೆ ಬ್ಯಾಂಕಿಗೆ ಒಯ್ಯುವ ಸಿದ್ಧತೆಯಲ್ಲಿದ್ದರು. ಮೇಲ್ ಪೆಟ್ಟಿಗೆಯೊಳಗೆ ಕುಳಿತವನು ಅದನ್ನು ಓದಿಕೊಂಡೇ ಈ ಹೊತ್ತನ್ನು ಆರಿಸಿದ್ದ. ಹೌದು ಅಥವಾ ಇಲ್ಲ ಎಂಬ ಉತ್ತರ ಬರುವ ಪ್ರಶ್ನೆ ಇಲ್ಲಿ ಏನೂ ಪ್ರಯೋಜನಕ್ಕೆ ಬರುವುದಿಲ್ಲ.

ನಾನು ಯಾವಾಗಲೂ ಕೇಳುವುದು ಹೀಗೆ: "ಸರಿ, ಹೊಸ ಖಾತೆಯ ಕೊನೆಯ ನಾಲ್ಕು ಅಂಕಿ ಹೇಳಿ." ನನ್ನ ಮುಂದಿರುವ ಸಂಖ್ಯೆಯನ್ನು ನಾನು ಓದಿ ಹೇಳುವುದಿಲ್ಲ. ಓದಿದರೆ ಆ ಕಡೆಯವರು ಅರ್ಧ ಕೇಳಿಸಿಕೊಂಡು 'ಸರಿ ಸರಿ' ಎಂದುಬಿಡುತ್ತಾರೆ. ಹುಡುಗ ತಡವರಿಸಿದ. "ಇನ್ನೂ ಖಾತೆ ಸಂಖ್ಯೆ ಬಂದಿಲ್ಲ ಮೇಡಂ, ಮುಂದಿನ ತಿಂಗಳು." ಮಾಲೀಕರಿಗೆ ಫೋನ್ ಕೊಡಲು ಹೇಳಿದೆ.

"ಸಾಹೇಬರೇ, ನಿಮ್ಮ ಮೇಲ್‌ನಿಂದಲೇ ಹೊಸ ಖಾತೆಯ ಚೆಕ್ ಬಂದಿದೆ."

"ನಾವು ಕಳುಹಿಸಿಲ್ಲವಲ್ಲ ಮೇಡಂ. ಯಾವ ಬ್ಯಾಂಕಿನದು?"

ಬ್ಯಾಂಕಿನ ಹೆಸರು ಹೇಳಿದೆ. ಅವರು ಹೋಗಬೇಕೆಂದಿದ್ದ ಬ್ಯಾಂಕೇ ಅದಲ್ಲ. ಅವರಿಗೆ ಬೇರೆ ಫೋನಿನಿಂದ ಚಿತ್ರ ಕಳುಹಿಸಿದೆ. ಮೇಲ್‌ನಲ್ಲಿ ಕಳುಹಿಸಿದ್ದರೆ ಅದನ್ನು ಓದುವವನು ಬೇರೆಯವನಿದ್ದ. ಆ ಸಂಜೆ ಅವರ ಕಂಪ್ಯೂಟರ್ ನೋಡಿಕೊಳ್ಳುವವರು ಮೇಲ್ ಸೆಟ್ಟಿಂಗ್ ತೆರೆದಾಗ ಒಂದು ನಿಯಮ ಸಿಕ್ಕಿತು: ನಮ್ಮ ಕಂಪನಿಯ ಹೆಸರಿರುವ ಯಾವುದೇ ಮೇಲ್ ಬಂದರೆ ಓದಿದಂತೆ ಗುರುತು ಹಾಕಿ, ಯಾರೂ ತೆರೆಯದ ಒಂದು ಫೋಲ್ಡರಿಗೆ ಸರಿಸು. ನಾವು ಮೇಲ್‌ಗೇ ಉತ್ತರ ಬರೆದು 'ಇದು ನಿಜವೇ' ಎಂದು ಕೇಳಿದ್ದರೆ, ಮಾಲೀಕರ ಕಣ್ಣಿಗೆ ಅದು ಬೀಳುತ್ತಲೇ ಇರಲಿಲ್ಲ. ಉತ್ತರ ಮಾತ್ರ ಅಚ್ಚುಕಟ್ಟಾಗಿ ಬರುತ್ತಿತ್ತು. ಅವರು ಪಾಸ್‌ವರ್ಡ್ ಬದಲಿಸಿ, ಆ ನಿಯಮ ಅಳಿಸಿ, ಬೇರೆಡೆ ತೆರೆದಿದ್ದ ಲಾಗಿನ್‌ಗಳನ್ನೆಲ್ಲ ಕಿತ್ತುಹಾಕಿದರು. ಹಣ ಹೋಗಿರಲಿಲ್ಲವಾದರೂ cybercrime.gov.in ತಾಣದಲ್ಲಿ ದೂರು ದಾಖಲಿಸಿದರು. ಹಣ ಹೋಗಿದ್ದರೆ ಮೊದಲು 1930ಕ್ಕೆ ಕರೆ, ಜೊತೆಜೊತೆಗೆ ನಮ್ಮ ಬ್ಯಾಂಕಿಗೆ. ಹಣ ಮುಂದಿನ ಖಾತೆಗಳಿಗೆ ಹರಿಯುವ ಮುನ್ನ ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು.

ಇಷ್ಟರಲ್ಲಿ ನಮ್ಮ ಖರೀದಿ ವಿಭಾಗದವರು ಬಂದು ನಿಂತಿದ್ದರು. "ಪೇಮೆಂಟ್ ತಡೆದರೆ ಅವರು ಮರಳು ತಡೆಯುತ್ತಾರೆ, ಕೋರ್ ಶಾಪ್ ನಿಲ್ಲುತ್ತದೆ ಮೇಡಂ." ಇಲ್ಲಿ ಬಹಳ ಮಂದಿ ಎರಡು ಬೇರೆ ಸಂಗತಿಗಳನ್ನು ಒಂದೇ ಎಂದುಕೊಳ್ಳುತ್ತಾರೆ. ನಾನು ತಡೆಯುವುದು ದಾಖಲೆಯ ತಿದ್ದುಪಡಿಯನ್ನು, ಹಣವನ್ನಲ್ಲ. ಹಳೆಯ ಖಾತೆ ಚಾಲ್ತಿಯಲ್ಲಿದೆ ಎಂದು ಮಾಲೀಕರ ಬಾಯಿಂದಲೇ ಕೇಳಿದ ಮೇಲೆ ಪೂರ್ತಿ ಮೊತ್ತವನ್ನು ಅದಕ್ಕೇ ಹಾಕಿದೆವು. 45 ದಿನದ ಗಡುವೂ ಉಳಿಯಿತು. ಒಂದು ವೇಳೆ ಖಾತೆ ಮುಚ್ಚಿದ್ದರೂ ನೆಫ್ಟ್ ಹಣ ಅತ್ತ ಜಮೆಯಾಗದೆ ನಮ್ಮ ಖಾತೆಗೇ ಮರಳುತ್ತದೆ. ಅಪರಿಚಿತ ಖಾತೆಗೆ ಹೋದ ಹಣಕ್ಕೆ ಆ ಗುಣವಿಲ್ಲ.

ಏಪ್ರಿಲ್‌ನಲ್ಲಿ ನಿಜವಾದ ಕೋರಿಕೆ ಬಂತು. ಸಾಲ ಕೊಟ್ಟ ಹೊಸ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ, ಶಾಖೆಯ ಸಹಿ, ಮುದ್ರೆಯ ಸಮೇತ ಮೂಲಪ್ರತಿ ಕೊರಿಯರ್‌ನಲ್ಲಿ ಬಂದಿತ್ತು. ಅದನ್ನೂ ಅದೇ ದಾರಿಯಲ್ಲಿ ನಡೆಸಿದೆ. ಪರಿಚಯದವರು, ಪಾಪ ಒಮ್ಮೆ ಪೆಟ್ಟು ತಿಂದವರು ಎಂಬ ರಿಯಾಯಿತಿ ಕೊಡಲಿಲ್ಲ. ಮಾಲೀಕರು ಹಳೆಯ ದೂರವಾಣಿಯಲ್ಲಿ ಅಂಕಿಗಳನ್ನು ಓದಿದರು, ಪರದೆಯ ಮೇಲೆ ಹೆಸರು 'ಪ್ರೈವೇಟ್ ಲಿಮಿಟೆಡ್' ಸಮೇತ ಬಂತು. ಕೊನೆಗೆ ಮೂರು ರೂಪಾಯಿ ಎಪ್ಪತ್ತು ಪೈಸೆ ಕಳುಹಿಸಿ, ಎಷ್ಟು ಬಂತು ಹೇಳಿ ಎಂದು ಅದೇ ದೂರವಾಣಿಯಲ್ಲಿ ಕೇಳಿದೆ. ಒಂದು ರೂಪಾಯಿ ಕಳುಹಿಸಿ 'ಬಂತಾ' ಎಂದು ಮೇಲ್‌ನಲ್ಲಿ ಕೇಳುವ ರೂಢಿಯಿದೆ; ಬಂದಿರುತ್ತದೆ, ಕಳ್ಳನ ಖಾತೆಗೆ. ಎಲ್ಲರೂ ಒಂದೇ ರೂಪಾಯಿ ಕಳುಹಿಸುವುದರಿಂದ ಊಹಿಸುವುದೂ ಸುಲಭ. ಅದಕ್ಕೇ ಈ ಸೊಟ್ಟ ಮೊತ್ತ.

ಮಾಲೀಕರು ಪಾಸ್‌ಬುಕ್ ಆ್ಯಪ್ ತೆರೆದು ಮೊತ್ತ ಹೇಳಿದರು. ಟ್ಯಾಲಿಯಲ್ಲಿ ನಾನು ಹೊಸ ವಿವರ ತುಂಬಿದೆ. ನೆಟ್ ಬ್ಯಾಂಕಿಂಗ್‌ನಲ್ಲಿ ಅದಕ್ಕೆ ಒಪ್ಪಿಗೆ ಕೊಡುವ ಲಾಗಿನ್ ನನ್ನ ಬಳಿ ಇಲ್ಲ, ನಮ್ಮ ಪಾಲುದಾರರ ಬಳಿ ಇದೆ. ಯಾರು ಯಾರಿಗೆ ಯಾವ ಸಂಖ್ಯೆಗೆ ಎಷ್ಟು ಹೊತ್ತಿಗೆ ಫೋನ್ ಮಾಡಿದರು ಎಂದು ಪತ್ರದ ಬೆನ್ನಿಗೇ ಬರೆದು ಕಳುಹಿಸಿದೆ. ಅವರು ಅದನ್ನು ಓದಿ, ತಾವೂ ಒಮ್ಮೆ ಕೊಲ್ಹಾಪುರಕ್ಕೆ ಫೋನ್ ಮಾಡಿದ ಮೇಲೆಯೇ ಒಪ್ಪಿಗೆ ಒತ್ತಿದರು.